ಹಿಕ್ಕೆ ಎದ್ದು ನಡೆದ ದಿನ

"ಕಾಕಾ, ದಿನಾ ಮುಂಜಾನೆ ಅದೇ ಗಿಡದ್ದ ಫೋಟೋ ತಗೀತೀರಲ್ಲ, ಅದರಾಗ ಹೊಸಾದು ಏನ್ ಇರ್ತೈತ್ರಿ?"

ಮೊದಲ ತಿಂಗಳು ಏನೂ ಇರಲಿಲ್ಲ. ತಪ್ಪು ನನ್ನದೇ. ನಿವೃತ್ತಿಯಾದ ಮೇಲೆ ಮಗ ಹೊಸ ಫೋನ್ ಕೊಡಿಸಿದ. ಧಾರವಾಡದ ನಮ್ಮ ಮನೆಯ ಹಿತ್ತಲಲ್ಲಿ ದಾಸವಾಳ, ಮಲ್ಲಿಗೆ, ಕರಿಬೇವು, ಒಂದು ನಿಂಬೆ ಗಿಡ ಇವೆ. ಕಂಡಕಂಡಲ್ಲಿ ನಿಂತು ದಿನಕ್ಕೆ ನಲವತ್ತು ಫೋಟೋ ತೆಗೆದೆ. ಎಲ್ಲ ಚೆಂದ ಇದ್ದವು. ಆದರೆ ನಿನ್ನೆಯದನ್ನೂ ಇವತ್ತಿನದನ್ನೂ ಪಕ್ಕಪಕ್ಕ ಇಟ್ಟರೆ ಯಾವುದೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಮೂವತ್ತು ವರ್ಷ ಲೆಕ್ಕಪತ್ರ ನೋಡಿದವನು ನಾನು. ನಿನ್ನೆಯ ಬಾಕಿ ತಾಳೆ ಆಗದಿದ್ದರೆ ಇವತ್ತಿನ ಅಂಕಿಗೆ ಏನು ಬೆಲೆ?

ಹಾಗಾಗಿ ನಿಂಬೆ ಗಿಡ ಒಂದನ್ನೇ ಹಿಡಿದೆ. ಹೆಚ್ಚೂಕಡಿಮೆ ನನ್ನ ಎದೆಯಷ್ಟು ಎತ್ತರದ ಗಿಡ. ಅದರ ಮುಂದೆ ಒಂದು ಒಡೆದ ಶಹಾಬಾದ್ ಕಲ್ಲು ಹಾಕಿದೆ, ಕಾಲು ಅಲ್ಲೇ. ಫೋನಿನ ಅಂಚು ಕಾಂಪೌಂಡ್ ಗೋಡೆಯ ಒಂದು ಇಟ್ಟಿಗೆಗೆ ತಾಗಬೇಕು. ಸಮಯ ಏಳು ಗಂಟೆ. ಇಡೀ ಗಿಡದ ಒಂದು ಫೋಟೋ, ಆಮೇಲೆ ಚಿಗುರು ಇರುವ ಮೂರು ಟೊಂಗೆಗಳದ್ದು ಒಂದೊಂದು. ಒಟ್ಟು ನಾಲ್ಕು, ಅಷ್ಟೇ.

ಆಗಲೂ ಒಂದು ಸಲ ಮೋಸ ಹೋದೆ. ಒಂದು ದಿನ ಗಿಡ ಹಳದಿ, ಮರುದಿನ ಹಸಿರು, ಮತ್ತೆ ಹಳದಿ. ಗೊಬ್ಬರ ಕಡಿಮೆಯಾಯಿತೆಂದು ಅಂಗಡಿಗೆ ಹೊರಟವನು ಚಪ್ಪಲಿ ಹಾಕಿಕೊಳ್ಳುವಾಗ ಯೋಚಿಸಿದೆ, ಇಷ್ಟು ಬೇಗ ಬಣ್ಣ ಬದಲಿಸಲು ಇದೇನು ಓತಿಕ್ಯಾತವೇ? ಗಿಡ ಇದ್ದ ಹಾಗೇ ಇತ್ತು. ಮೋಡ, ಬಿಸಿಲು ನೋಡಿಕೊಂಡು ಫೋನ್ ತಾನೇ ಬಣ್ಣ ಸರಿಪಡಿಸುತ್ತಿತ್ತು. ಅಂದಿನಿಂದ ಗಿಡದ ಬುಡದಲ್ಲಿ ಒಂದು ಬಿಳಿ ಬಸಿ ಇಡುತ್ತೇನೆ. ಫೋಟೋದಲ್ಲಿ ಬಸಿಯೂ ಹಳದಿ ಕಂಡರೆ ಅದು ಫೋನಿನ ಕೆಲಸ. ಬಸಿ ಬೆಳ್ಳಗಿದ್ದು ಎಲೆ ಮಾತ್ರ ಹಳದಿ ಆದರೆ ಗಿಡದ ಕಡೆ ನೋಡಬೇಕು. ಕಪ್ಪಿನ ಜೋಡಿ ಮುರಿದದ್ದಕ್ಕೆ ನಮ್ಮ ಮನೆಯವರು ಇನ್ನೂ ಅಂತಾರೆ, ಅದಿರಲಿ.

ಈಗ ನಿಜವಾದ ಕಥೆ. ಆಗಸ್ಟ್, ಶ್ರಾವಣದ ಜಿಟಿಜಿಟಿ ಮಳೆ. ಗಿಡದ ತುಂಬ ಎಳೆ ಚಿಗುರು. ಎಲೆಗಳ ಅಂಚು ಯಾರೋ ಕತ್ತರಿಸಿದ ಹಾಗೆ ಕಾಣೆಯಾಗುತ್ತಿತ್ತು. ಆಗಸ್ಟ್ 10ರ ಬೆಳಿಗ್ಗೆ ಚಹಾ ಕುಡಿಯುತ್ತ ಎರಡು ದಿನದ ಫೋಟೋ ಹಿಂದೆಮುಂದೆ ಸರಿಸುತ್ತಿದ್ದೆ. ಹೆಗಲ ಮೇಲಿಂದ ಬಗ್ಗಿ ನೋಡಿದ ಹೆಂಡತಿ ಹೇಳಿದಳು:

"ರೀ, ಆ ಹಕ್ಕಿ ಹಿಕ್ಕಿ ನಿನ್ನೆ ಈ ಎಲಿ ಮ್ಯಾಲೆ ಇತ್ತಲ್ರಿ. ಇವತ್ತ ಬಾಜೂಕಿನ ಎಲಿಗೆ ಹ್ಯಾಂಗ ಹೋತು?"

ಹಿಕ್ಕೆ ನಡೆಯುವುದಿಲ್ಲ. ಇಬ್ಬರೂ ಎದ್ದು ಹಿತ್ತಲಿಗೆ ಹೋದೆವು. ಕಂದು ಮೈ, ನಡುವೆ ಬಿಳಿ ಪಟ್ಟೆ, ಮೇಲೆ ಹಸಿಹಸಿ ಹೊಳಪು. ಎದುರಿಗೆ ನಿಂತರೂ ಹಿಕ್ಕೆಯೇ. ಕಡ್ಡಿಯಿಂದ ಸ್ವಲ್ಪ ಮುಟ್ಟಿದೆ. ತಲೆಯ ಹಿಂದಿನಿಂದ ಕಿತ್ತಳೆ ಕೆಂಪಿನ ಎರಡು ಕೋಡು ಹೊರಬಂತು, ಜೊತೆಗೆ ಹುಳಿ ಹುಳಿ ಘಾಟು. ಮತ್ತೆ ಒಳಗೆ. ಅದು ನಿಂಬೆ ಚಿಟ್ಟೆಯ ಹುಳ. ಹುಡುಕಿದರೆ ಇನ್ನೂ ನಾಲ್ಕು ಸಿಕ್ಕವು.

ಇಷ್ಟು ದಿನ ಎಲ್ಲಿದ್ದವು ಎಂದು ಹಳೆಯ ಫೋಟೋ ತೆಗೆದೆ. ಇಲ್ಲಿ ನನ್ನ ಇಟ್ಟಿಗೆ ಮತ್ತು ಕಲ್ಲು ಕೆಲಸಕ್ಕೆ ಬಂದವು, ಯಾವ ಎಲೆ ಯಾವುದು ಎಂದು ಹಿಂದಕ್ಕೆ ಹೋಗಿ ಹಿಡಿಯಬಹುದಿತ್ತು. ಆಗಸ್ಟ್ 5ರಂದು ಒಂದು ಕಪ್ಪು ಚುಕ್ಕೆ. ಜುಲೈ 31ರಂದು ಅದೇ ಎಲೆಯ ತುದಿಯಲ್ಲಿ ಸಾಸಿವೆಗಿಂತ ಸಣ್ಣ, ತಿಳಿ ಹಳದಿ ಗುಂಡು. ತತ್ತಿ! ಜುಲೈ 30ರಂದು ಅದು ಇಲ್ಲ. ಅಂದರೆ ತಾಯಿ ಚಿಟ್ಟೆ ಬಂದದ್ದು 30ರ ಬಿಸಿಲು ಹೊತ್ತಿಗೆ, ನಾನು ಪೇಟೆಗೆ ಹೋದಾಗ. ತತ್ತಿಯ ಸಿಪ್ಪೆ ಮಾತ್ರ ಯಾವ ಫೋಟೋದಲ್ಲೂ ಇಲ್ಲ. ಹುಳ ಹೊರಬಂದ ಕೂಡಲೇ ಮೊದಲು ಅದನ್ನೇ ತಿನ್ನುತ್ತದೆ.

ಇಷ್ಟು ಹತ್ತಿರದ ಫೋಟೋ ತೆಗೆಯುವಾಗ ಫೋನ್ ಗಿಡ ಬಿಟ್ಟು ಹಿಂದಿನ ಗೋಡೆಯನ್ನು ಸ್ಪಷ್ಟ ಮಾಡುತ್ತದೆ. ಎಲೆಯ ಹಿಂದೆ ಅಂಗೈ ಹಿಡಿದರೆ ಅದಕ್ಕೆ ಬೇರೆ ದಾರಿ ಇರುವುದಿಲ್ಲ. ತೀರ ಹತ್ತಿರ ಹೋಗಲೂ ಬಾರದು. ಒಂದು ಗೇಣು ದೂರ ನಿಂತು, ತೆಗೆದ ಮೇಲೆ ದೊಡ್ಡದು ಮಾಡಿ ನೋಡುವುದು ಲೇಸು.

ಐದು ಹುಳಕ್ಕೆ ನನ್ನ ಗಿಡ ಸಾಲುತ್ತಿರಲಿಲ್ಲ. ದೊಡ್ಡ ಮರವಾಗಿದ್ದರೆ ತಿಂದರೆ ತಿನ್ನಲಿ ಎನ್ನಬಹುದಿತ್ತು, ಎಳೆ ಗಿಡವನ್ನು ಬೋಳು ಮಾಡಿಬಿಡುತ್ತವೆ. ಔಷಧಿ ಹೊಡೆಯುವ ಮನಸ್ಸಾಗಲಿಲ್ಲ, ಅಷ್ಟರಲ್ಲಿ ಪರಿಚಯ ಜಾಸ್ತಿಯಾಗಿತ್ತು. ಮೂರನ್ನು ಕರಿಬೇವಿಗೆ ಕಳಿಸಿದೆ, ಅದೂ ನಿಂಬೆಯ ಬಳಗವೇ. ಹುಳವನ್ನು ಕೈಯಿಂದ ಕೀಳಲಿಲ್ಲ, ಕಿತ್ತರೆ ಗಾಯ ಆಗುತ್ತದೆ. ಎಲೆ ಸಮೇತ ಕತ್ತರಿಸಿ ಹೊಸ ಟೊಂಗೆಗೆ ಸಿಕ್ಕಿಸಿದೆ. ಎಲೆ ಬಾಡಿದಾಗ ಅವೇ ದಾಟಿಕೊಂಡವು.

ಆಗಸ್ಟ್ 17ರ ಫೋಟೋದಲ್ಲಿ ಹಿಕ್ಕೆ ಇಲ್ಲ. ಅದೇ ಜಾಗದಲ್ಲಿ ದಪ್ಪನೆಯ ಹಸಿರು ಹುಳ. ನಾಲ್ಕು ಸಲ ಪೊರೆ ಬಿಟ್ಟ ಮೇಲೆ ವೇಷ ಬದಲಾಗುತ್ತದೆ. ಕಿರುಬೆರಳಿನಷ್ಟು ಉದ್ದದ ಹಿಕ್ಕೆ ಅಂದರೆ ಯಾವ ಹಕ್ಕಿ ನಂಬೀತು ಹೇಳಿ! ಈಗ ಎಲೆಯ ಹಾಗೆ ಇದ್ದರೇ ಕ್ಷೇಮ. ಆದರೂ ಕರಿಬೇವಿನ ಮೂರೂ ಎರಡು ದಿನದಲ್ಲಿ ಮಾಯವಾದವು. ಯಾರು ಒಯ್ದರೋ ಫೋಟೋದಲ್ಲಿಲ್ಲ. ದಿನಕ್ಕೆ ಒಂದೇ ಸಲ ನೋಡುವವನಿಗೆ ಉಳಿದ ಹೊತ್ತೆಲ್ಲ ಕತ್ತಲೆಯೇ.

22ರಂದು ನಿಂಬೆಯ ಎರಡರಲ್ಲಿ ಒಂದು ಕಾಣೆ. ಅದೂ ಹೋಯಿತು ಎಂದುಕೊಂಡೆ. ಹಿಂದಿನ ದಿನದ ಫೋಟೋ ದೊಡ್ಡದು ಮಾಡಿದರೆ ಕೆಳಗಿನ ಎಲೆ ಮೇಲೆ ತೆಳ್ಳಗಿನ ಒದ್ದೆ ಮಲ. ಉಣ್ಣುವುದು ಮುಗಿದಾಗ ಹುಳ ಹೊಟ್ಟೆ ಖಾಲಿ ಮಾಡಿಕೊಂಡು, ಕೋಶ ಕಟ್ಟಲು ಗಿಡ ಬಿಟ್ಟು ಅಲೆಯುತ್ತದೆ. ಅಂದರೆ ಸತ್ತಿಲ್ಲ, ಇಲ್ಲೇ ಎಲ್ಲೋ ಇದೆ. ಸುಮಾರು ಹೊತ್ತು ಹುಡುಕಿದೆ. ಸಿಕ್ಕಿದ್ದು ಗೋಡೆಗೆ ಒರಗಿಸಿಟ್ಟ ಕಸಬರಿಗೆಯ ಕೋಲಿನ ಮೇಲೆ. ಬಾಲದ ತುದಿ ಕೋಲಿಗೆ ಅಂಟಿಸಿ, ನಡುವಿಗೆ ಒಂದು ಎಳೆ ಸುತ್ತಿಕೊಂಡು ಹಿಂದಕ್ಕೆ ವಾಲಿತ್ತು. ಲೈನ್‌ಮನ್ ಕಂಬಕ್ಕೆ ಬೆಲ್ಟ್ ಹಾಕಿಕೊಂಡು ನಿಲ್ಲುತ್ತಾನಲ್ಲ, ಥೇಟ್ ಹಾಗೆ. ಮರುದಿನ ಕಂದು ಕೋಶ. ಇನ್ನೊಂದು ಗಿಡದಲ್ಲೇ ಕಟ್ಟಿತು, ಅದು ಹಸಿರು.

ಹನ್ನೆರಡು ದಿನ ಆ ಕಸಬರಿಗೆ ಮುಟ್ಟಬಾರದೆಂದು ಹೇಳಿದೆ. ಅವಳು ಏನೂ ಅನ್ನದೆ ಹೊಸದು ತಂದಳು. ಏನೂ ಅನ್ನದಿದ್ದದ್ದೇ ಹೆದರಿಕೆ.

ಸೆಪ್ಟೆಂಬರ್ 3ರ ಏಳು ಗಂಟೆಗೆ ಕಸಬರಿಗೆಯ ಕೋಶ ಕಪ್ಪಾಗಿತ್ತು, ಒಳಗಿನ ರೆಕ್ಕೆಯ ಹಳದಿ ಚುಕ್ಕೆ ಹೊರಗೇ ಕಾಣುತ್ತಿತ್ತು. ಫೋಟೋ ತೆಗೆದು ಚಹಾಕ್ಕೆ ಒಳಗೆ ಹೋದೆ. ಎಂಟಕ್ಕೆ ಬಂದರೆ ಸೀಳಿದ ಸಿಪ್ಪೆ, ಅದರ ಮೇಲೆ ಮುದುಡಿದ ರೆಕ್ಕೆ ಒಣಗಿಸುತ್ತ ಕೂತ ಚಿಟ್ಟೆ. ಕಪ್ಪು ಹಳದಿ, ಹಿಂದಿನ ರೆಕ್ಕೆಯಲ್ಲಿ ಇಟ್ಟಿಗೆ ಕೆಂಪಿನ ಬೊಟ್ಟು. ಹೊರಬರುವುದನ್ನು ನೋಡಲಾಗಲಿಲ್ಲ. ಹಾಳು ಚಹಾ!

ಗಿಡದ ಮೇಲಿನ ಹಸಿರು ಕೋಶಕ್ಕೆ ಇನ್ನೂ ಐದು ದಿನ ಕಾದೆ. ಕಂದಾಯಿತು, ಕಪ್ಪಾಗಲಿಲ್ಲ, ಚುಕ್ಕೆ ಮೂಡಲಿಲ್ಲ. ಆರನೆಯ ದಿನ ಫೋಟೋ ದೊಡ್ಡದು ಮಾಡಿದಾಗ ಕೋಶದ ಪಕ್ಕೆಯಲ್ಲಿ ಸೂಜಿ ಚುಚ್ಚಿದಂಥ ಒಂದು ದುಂಡನೆಯ ತೂತು. ಚಿಟ್ಟೆ ಬಂದರೆ ಕೋಶ ಸೀಳುತ್ತದೆ, ತೂತು ಆಗುವುದಿಲ್ಲ. ಕೋಶ ಇನ್ನೂ ಮೆತ್ತಗಿದ್ದಾಗ ಯಾವುದೋ ಸಣ್ಣ ಕಣಜ ಅದರೊಳಗೆ ತತ್ತಿ ಇಟ್ಟಿತ್ತು. ಅದರ ಮರಿಗಳು ಒಳಗಿನದನ್ನೆಲ್ಲ ತಿಂದು ಆ ತೂತಿನಿಂದ ಹೊರಟುಹೋಗಿವೆ.

ಅವಳಿಗೂ ತೋರಿಸಿದೆ. ತುಂಬ ಹೊತ್ತು ಫೋನ್ ಹಿಡಿದುಕೊಂಡೇ ನಿಂತಳು. ಆಮೇಲೆ, "ಹಂಗಾದ್ರ ಇನ್ನ ಕಸಬರಿಗಿ ತಗೋಬಹುದಲ್ರಿ?" ಎಂದಳು. ತೆಗೆದುಕೊಂಡಳು. ಕೋಲಿನ ಮೇಲಿನ ಸಿಪ್ಪೆ ಮಾತ್ರ ಇನ್ನೂ ಹಾಗೇ ಇದೆ, ಅದಕ್ಕೆ ಕೈ ತಾಗದಂತೆ ಹಿಡಿದು ಗುಡಿಸುತ್ತಾಳೆ.