ಸ್ಪೇಸೈಡಿನಲ್ಲಿ ಒಂದು ಅಳತೆ ಲೋಟ

ಎಡಿನ್‌ಬರೋದ ಗೋರ್ಗಿಯಲ್ಲಿ ಬಸ್ಸಿಳಿದರೆ ಮೊದಲು ಎದುರಾದದ್ದು ವಾಸನೆ, ಬೆಂದ ಮುಸುಕಿನ ಜೋಳದ್ದು. 1885ರಲ್ಲಿ ಶುರುವಾದ ನಾರ್ತ್ ಬ್ರಿಟಿಷ್ ಎಂಬ ಗ್ರೇನ್ ವಿಸ್ಕಿ ಕಾರ್ಖಾನೆ ಅಲ್ಲಿದೆ. ನಾನು ನೋಡಿದ್ದು ಹೊರಗಿನ ಗೋಡೆಯನ್ನಷ್ಟೇ. ಗ್ರೇನ್ ವಿಸ್ಕಿಯ ಹಣೆಬರಹವೇ ಹಾಗೆ, ಸ್ಕಾಚಿನ ಬಹುಪಾಲು ಅದೇ ಆದರೂ ನೋಡಲು ಹೋಗುವವರು ಕಡಿಮೆ.

ಮರುದಿನ ಉತ್ತರದ ಸ್ಪೇಸೈಡ್ ಸೀಮೆಯ ಡಫ್‌ಟೌನ್ ತಲುಪಿದೆ. ಇದು ಮಾಲ್ಟಿನ ಊರು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೊಂದೇ ಇಲ್ಲಿನ ಧಾನ್ಯ. ಅದರ ಹುಳಿಸಿದ ರಸವನ್ನು ತಾಮ್ರದ ಹಂಡೆಗಳಲ್ಲಿ ಎರಡು ಸಲ ಬಟ್ಟಿ ಇಳಿಸುತ್ತಾರೆ. ಎರಡನೆಯ ಸಲ ಮೊದಲು ಬರುವುದು ಮೂಗಿಗೆ ಹೊಡೆಯುವ ಘಾಟು, ಅದು ಬೇಡ. ಕೊನೆಗೆ ಬರುವುದು ಒದ್ದೆ ಚರ್ಮದಂತೆ ನಾರುತ್ತದೆ, ಅದೂ ಬೇಡ. ನಡುವಿನದನ್ನು ಮಾತ್ರ ಪೀಪಾಯಿಗೆ ಇಟ್ಟುಕೊಳ್ಳುತ್ತಾರೆ, ಸುಮಾರು 70 ಶೇಕಡಾ ಆಲ್ಕೋಹಾಲು. ಕೊನೆಯ ಆ ಬಾಲವನ್ನು ತಡವಾಗಿ ಕತ್ತರಿಸಿದರೆ ಆ ನಾತ ಪೀಪಾಯಿಗೂ ಹೋಗುತ್ತದೆ.

ಗ್ರೇನಿನ ದಾರಿ ಬೇರೆ. ಗೋಧಿ ಅಥವಾ ಮುಸುಕಿನ ಜೋಳಕ್ಕೆ ಸ್ವಲ್ಪ ಮಾಲ್ಟ್ ಬಾರ್ಲಿ ಬೆರೆಸುತ್ತಾರೆ. ಎತ್ತರದ ಸ್ತಂಭದಲ್ಲಿ ರಸ ಮೇಲಿನಿಂದ ಇಳಿಯುತ್ತದೆ, ಕೆಳಗಿನಿಂದ ಹಬೆ ಏರುತ್ತದೆ, ಕೆಲಸ ನಿಲ್ಲುವುದೇ ಇಲ್ಲ. ಈನಿಯಸ್ ಕಾಫಿ ಎಂಬ ಐರಿಷ್ ಸಂಶೋಧಕ 1830ರಲ್ಲಿ ಪೇಟೆಂಟ್ ಪಡೆದದ್ದು ಇಂಥದಕ್ಕೇ. ಹೊರಬರುವುದು 94 ಶೇಕಡಾದ ಆಸುಪಾಸು, ಧಾನ್ಯದ ರುಚಿ ಬಹಳಷ್ಟು ಅಲ್ಲೇ ಉದುರಿಹೋಗುತ್ತದೆ. ಸ್ಕಾಚ್ ಅನ್ನಿಸಿಕೊಳ್ಳಲು ಎರಡೂ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಲೇಬೇಕು. (ಸೀಸೆಯ ಮೇಲಿನ ಸಿಂಗಲ್ ಅಂದರೆ ಒಂದೇ ಧಾನ್ಯವಲ್ಲ, ಒಂದೇ ಡಿಸ್ಟಿಲರಿ. ಸಿಂಗಲ್ ಗ್ರೇನ್ ಎಂಬುದೂ ಉಂಟು.)

ಕೊನೆಗೆ ಡಫ್‌ಟೌನಿನ ಡಿಸ್ಟಿಲರಿಯಲ್ಲಿ ರುಚಿ ನೋಡುವ ಮೇಜು, ಗಾಜಿನ ಅಳತೆ ಲೋಟ. ಮಾಲ್ಟ್ ನಾಲಿಗೆಯ ಮೇಲೆ ದಪ್ಪಗೆ ಕೂತಿತು: ಸೇಬು, ಜೇನು, ಸುಟ್ಟ ಬಿಸ್ಕತ್ತು. ಗ್ರೇನ್ ತೆಳ್ಳಗೆ, ವೆನಿಲ್ಲಾದ ಸಿಹಿ, ನುಂಗಿದ ಕೂಡಲೇ ಮಾಯ. ನೀರಸ ಅಂದುಕೊಂಡೆ.

"ಈಗ ಬೆರೆಸಿ ನೋಡಿ," ಎಂದರು ಅಲ್ಲಿನ ಮಹಿಳೆ.

70 ಮಿಲಿ ಗ್ರೇನಿಗೆ 30 ಮಿಲಿ ಮಾಲ್ಟ್ ಹಾಕಿದೆ. ಮಾಲ್ಟಿನ ಜೇನು ಉಳಿದು ಒರಟುತನ ಸಡಿಲವಾಯಿತು. ನೀರಸ ಅನ್ನಿಸಿದ್ದೇ ಇಲ್ಲಿ ಜಾಗ ಮಾಡಿಕೊಟ್ಟಿತ್ತು. ಅಷ್ಟಕ್ಕೆ ನಿಲ್ಲಬೇಕಿತ್ತು. ಐಲಾ ದ್ವೀಪದ ಹೊಗೆ ಮಾಲ್ಟನ್ನು, ಪೀಟ್ ಮಣ್ಣಿನ ಹೊಗೆಯಲ್ಲಿ ಬಾರ್ಲಿ ಒಣಗಿಸಿದ್ದನ್ನು, 10 ಮಿಲಿ ಸುರಿದುಬಿಟ್ಟೆ. ಸೇಬೂ ಇಲ್ಲ, ಜೇನೂ ಇಲ್ಲ, ಬರೀ ಆರಿದ ಒಲೆ.

ಆಕೆ ಮೂಸಿ ನಕ್ಕು, "ಒಂದೆರಡು ಮಿಲಿ ಸಾಕಿತ್ತು," ಎಂದರು. ಅದನ್ನೇ ಪುಟ್ಟ ಸೀಸೆಗೆ ತುಂಬಿ ಕೊಟ್ಟರು. ವಾಪಸಿನ ಬಸ್ಸಿನಲ್ಲಿ ಮುಚ್ಚಳ ಸಡಿಲವಾಗಿ ಒಂದಿಷ್ಟು ಸೋರಿತು, ನನ್ನ ಸ್ವೆಟರಿಗೆ ಹೊಗೆ ವಾಸನೆ ಇನ್ನೂ ಹೋಗಿಲ್ಲ.