ಗಾಜು ಒಡೆದ ಮೇಲೆ ಓದಬೇಕಾದದ್ದು

ನರಗುಂದ ಕಡೆಯ ಎರೆಮಣ್ಣಿನ ಮೇಲೆ ನಿಂತ ಒಂದಂತಸ್ತಿನ ಮನೆ. ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಕೆಳಗೆ ಕಲ್ಲಿನ ಪಾಯ. ಪಶ್ಚಿಮದ ಗೋಡೆಯಲ್ಲಿ ಕಿಟಕಿಯ ಮೇಲ್ಮೂಲೆಯಿಂದ ಹೊರಟ ಬಿರುಕು ನೈಋತ್ಯ ಮೂಲೆಯ ಕಡೆಗೆ ಓರೆಯಾಗಿ ಏರಿ ಚಾವಣಿ ಮುಟ್ಟಿತ್ತು. ಕಿಟಕಿಯ ಹತ್ತಿರ ಕೂದಲೆಳೆಯಷ್ಟು, ಮೇಲೆ 3 ಮಿ.ಮೀ. ಅಗಲ. ಮೂಲೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ದೊಡ್ಡ ಬೇವಿನ ಮರ.

ಮೇಲೆ ಅಗಲವಾಗಿ, ಮೂಲೆಯ ಕಡೆಗೆ ಏರುವ ಬಿರುಕು ಕಂಡರೆ ಮೊದಲ ಅನುಮಾನ ಆ ಮೂಲೆಯ ಪಾಯದ ಮೇಲೆಯೇ. ಮೂಲೆ ಕುಸಿದು ಹೊರಕ್ಕೆ ವಾಲಿದಾಗ ಬಿರುಕು ತುದಿಯಲ್ಲಿ ಬಾಯಿ ಬಿಡುತ್ತದೆ. ಆದರೆ ಅದು ಎಂದೋ ಕುಸಿದು ನಿಂತಿದೆಯೇ, ಈಗಲೂ ಇಳಿಯುತ್ತಿದೆಯೇ, ಇಲ್ಲವೇ ಬೇಸಿಗೆಗೆ ಇಳಿದು ಮಳೆಗಾಲಕ್ಕೆ ಏಳುತ್ತಿದೆಯೇ ಎಂಬುದು ಒಮ್ಮೆ ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ. ಮೂರಕ್ಕೂ ಮದ್ದು ಬೇರೆ ಬೇರೆ. ಗೌಂಡಿ ಮಾತ್ರ, "ಸಿಮೆಂಟ್ ತುಂಬಿ ಬಣ್ಣಾ ಹೊಡದ್ರ ಮುಗೀತು ಬಿಡ್ರಿ ಸಾಹೇಬ್ರ" ಎಂದ. ಆ ಸಿಮೆಂಟು ಹಿಂದೆ ಒಮ್ಮೆ ತುಂಬಿದ್ದೇ ಆಗಿತ್ತು. ಅದರ ಅಂಚಿನಲ್ಲೇ ಬಿರುಕು ಮತ್ತೆ ಬಿಟ್ಟಿತ್ತು. ಹಾಗಾಗಿ ಫೆಬ್ರವರಿಯಲ್ಲಿ, ಗೋಡೆ ಸರಿದರೆ ಒಡೆದು ತೋರಿಸಲೆಂದು, ಬಿರುಕಿಗೆ ಅಡ್ಡಲಾಗಿ ಹೊರಗೆ ಗಾಜಿನ ಪಟ್ಟಿ, ಒಳಗೆ ಜಿಪ್ಸಮ್ ಪಟ್ಟಿ ಕೂರಿಸಿ ಒಂದು ವರ್ಷ ಕಾಯುವುದೆಂದು ಮನೆಯವರನ್ನು ಒಪ್ಪಿಸಿದ್ದಾಯಿತು.

ಗಾಜಿನ ಪಟ್ಟಿಗೆ 2 ಮಿ.ಮೀ. ದಪ್ಪದ ಗಾಜು ಸಾಕು. 100 ಮಿ.ಮೀ. ಉದ್ದ, 25 ಮಿ.ಮೀ. ಅಗಲಕ್ಕೆ ಗಾಜಿನಂಗಡಿಯವರೇ ಕೊಯ್ದು ಕೊಡುತ್ತಾರೆ. ಅದನ್ನು ಗಾರೆಯ ಮೇಲೆ ಅಂಟಿಸಬಾರದು. ಗಾರೆ ಇಟ್ಟಿಗೆಯಿಂದ ಬಿಟ್ಟುಕೊಂಡಿದ್ದರೆ ಗೋಡೆ ಸರಿದರೂ ಪಟ್ಟಿಗೆ ಸುದ್ದಿ ಮುಟ್ಟುವುದಿಲ್ಲ. ಬಿರುಕಿನ ಎರಡೂ ಬದಿಗೆ ಅಂಗೈಯಗಲ ಗಾರೆಯನ್ನು ಉಳಿಯಿಂದ ಕೆತ್ತಿ ಇಟ್ಟಿಗೆ ಕಾಣಿಸಬೇಕು. ತಂತಿ ಬ್ರಷ್ಷಿನಿಂದ ತಿಕ್ಕಿ, ಧೂಳು ಊದಿ, ಪೂರ್ತಿ ಒಣಗಲು ಬಿಡಬೇಕು. ಆಮೇಲೆ ಎರಡು ತುದಿಗಳಿಗೆ ಮಾತ್ರ ಎಪಾಕ್ಸಿ ಅಂಟು. ಬಿರುಕಿನ ಮೇಲೆ ನಡುವಿನ ಸುಮಾರು 20 ಮಿ.ಮೀ. ಭಾಗಕ್ಕೆ ಅಂಟು ಸೋಕಬಾರದು. ಸಿಲಿಕೋನ್ ಬೇಡವೇ ಬೇಡ. ಅದು ರಬ್ಬರಿನಂತೆ ಎಳೆದುಕೊಳ್ಳುತ್ತದೆ, ಗೋಡೆ ಬಾಯಿ ತೆರೆದರೂ ಗಾಜು ಹಾಗೇ ಇರುತ್ತದೆ.

ಒಳಗಿನ ಪಟ್ಟಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಇಟ್ಟಿಗೆಯನ್ನು ಒದ್ದೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಒಣ ಇಟ್ಟಿಗೆ ನೀರು ಹೀರಿ ಜಿಪ್ಸಮ್ ಪುಡಿಪುಡಿಯಾಗಿ ಹಿಡಿತ ಬಿಡುತ್ತದೆ. ಬಿರುಕಿನ ಉದ್ದಕ್ಕೂ ತೆಳ್ಳನೆಯ ಟೇಪ್ ಅಂಟಿಸಿದರೆ ಜಿಪ್ಸಮ್ ಒಳಕ್ಕೆ ಇಳಿಯುವುದಿಲ್ಲ. 100 ಗ್ರಾಂ ಪುಡಿಗೆ ಸುಮಾರು 60 ಮಿ.ಲೀ. ನೀರು. ನೀರಿಗೆ ಪುಡಿ ಉದುರಿಸಿ ಕಲೆಸಬೇಕು. ಐದು ನಿಮಿಷದೊಳಗೆ ಬಳಿದು ಮುಗಿಸಬೇಕು. ಗಟ್ಟಿಯಾಗತೊಡಗಿದ್ದಕ್ಕೆ ಮತ್ತೆ ನೀರು ಹಾಕಿ ಕಲೆಸಿದರೆ ಅದು ಬಲ ಕಳೆದುಕೊಳ್ಳುತ್ತದೆ. ಪಟ್ಟಿ 8 ಮಿ.ಮೀ. ದಪ್ಪ, 150 ಮಿ.ಮೀ. ಉದ್ದ, 50 ಮಿ.ಮೀ. ಅಗಲ. ಬಿರುಕಿನ ಮೇಲೆ ಬರುವ ನಡುಭಾಗವನ್ನು ಎರಡೂ ಕಡೆಯಿಂದ ಕೆತ್ತಿ 30 ಮಿ.ಮೀ.ಗೆ ಇಳಿಸಿದೆವು, ಒಡೆದರೆ ಅಲ್ಲೇ ಒಡೆಯಲಿ ಎಂದು. ಜಿಪ್ಸಮ್ಮಿನ ಬದಲು ಸಿಮೆಂಟ್ ಗಾರೆ ಬಳಿಯುವವರಿದ್ದಾರೆ. ಅದು ಒಣಗುವಾಗ ತಾನೇ ಕುಗ್ಗಿ ಸೀಳುತ್ತದೆ, ಗೋಡೆಯ ಪಾಲಿಲ್ಲದೆಯೇ. ಜಿಪ್ಸಮ್ಮಿಗೆ ಆ ದೋಷವಿಲ್ಲ, ಆದರೆ ಮಳೆ ತಾಗಿದರೆ ಕರಗುತ್ತದೆ, ಹಾಗಾಗಿ ಒಳಗಡೆಗೆ ಮಾತ್ರ.

ಎರಡು ಕಡೆಯೂ ಬಿರುಕಿನ ತುದಿಯಲ್ಲೊಂದು, ಕೆಳಗೊಂದು ಪಟ್ಟಿ. ಪ್ರತಿಯೊಂದರ ಮೇಲೂ ಸಂಖ್ಯೆ, ತಾರೀಖು. ಇವುಗಳ ಜೊತೆಗೆ, ಹೊರಗೆ ಮೇಲಿನ ಗಾಜಿನ ಪಕ್ಕದಲ್ಲಿ ಬಿರುಕಿನ ಆಚೀಚೆ ಇಟ್ಟಿಗೆಗೆ ರಂಧ್ರ ಕೊರೆದು ಎರಡು ಹಿತ್ತಾಳೆ ಸ್ಕ್ರೂ ಬಿಗಿದೆವು. ಇದನ್ನು ಬಿಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಗಾಜು ಹೇಳುವುದು ಒಂದೇ ಮಾತು, ಅದೂ ಒಂದೇ ಸಲ: ಗೋಡೆ ಸರಿಯಿತು. ಎಷ್ಟು ಸರಿಯಿತು, ಹಿಂದಕ್ಕೆ ಬಂದಿತೇ ಎಂಬುದನ್ನು ಸ್ಕ್ರೂಗಳ ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದೇ ತಿಳಿಯಬೇಕು. ಮೊದಲ ಅಳತೆ 98.46 ಮಿ.ಮೀ.

ಮಾರ್ಚಿನಲ್ಲಿ ಕೆಳಗಿನ ಗಾಜು ಒಡೆದಿದೆಯೆಂದು ಮನೆಯವರ ಫೋನು. ನೋಡಿದರೆ ಒಂದು ಬಿಂದುವಿನಿಂದ ಸುತ್ತ ಗೀರುಗಳು ಹರಡಿದ್ದವು. ಅದು ಪೆಟ್ಟಿನ ಗುರುತು, ಗೋಡೆಗೆ ಒರಗಿಸಿದ್ದ ಏಣಿ ತಾಗಿರಬೇಕು. ಗೋಡೆ ಸರಿದು ಒಡೆದ ಗಾಜಿನಲ್ಲಿ ಬಿರುಕಿನ ಗೆರೆಯನ್ನೇ ಅನುಸರಿಸುವ ಒಂದೇ ಸೀಳು ಇರುತ್ತದೆ. ಅದನ್ನು ತೆಗೆದು ಹೊಸದು ಅಂಟಿಸಲಾಯಿತು. ಏಪ್ರಿಲ್‌ನಲ್ಲಿ ಮೇಲಿನ ಗಾಜಿನಲ್ಲಿ ಅಂಥ ಸೀಳು ಬಿಟ್ಟಿತು. ಮನೆಯ ಯಜಮಾನರು ಗಾಬರಿಯಾದರು.

ಗಾಬರಿ ಬೇಡ ಎನ್ನಲು ಕಾರಣವಿತ್ತು. ತುದಿಗಳು ಬಿಗಿಯಾಗಿ ಹಿಡಿದ 20 ಮಿ.ಮೀ. ಗಾಜು ಒಡೆಯಲು ಲೆಕ್ಕದ ಪ್ರಕಾರ ಮಿಲಿಮೀಟರಿನ ನೂರನೆಯ ಒಂದೆರಡು ಪಾಲು ಎಳೆತ ಸಾಕು. ಬಿಸಿಲಿಗೆ ಇಟ್ಟಿಗೆ ಗೋಡೆ ಇದಕ್ಕಿಂತ ಬಹಳ ಹೆಚ್ಚು ಹಿಗ್ಗುತ್ತದೆ, ತಂಪಿಗೆ ಅಷ್ಟೇ ಕುಗ್ಗಿ ಬಿರುಕನ್ನು ಎಳೆಯುತ್ತದೆ. 6 ಮೀಟರ್ ಗೋಡೆಯ ತಾಪ 10 ಡಿಗ್ರಿ ಏರಿದರೆ ಸುಮಾರು 0.3 ಮಿ.ಮೀ. ಹಾಗಾಗಿ ಗಾಜು ಒಡೆದಿದ್ದು ಪಾಯ ಕುಸಿದಿದ್ದಕ್ಕೆ ಸಾಕ್ಷಿಯಲ್ಲ. ಅಳತೆಯನ್ನು ಪ್ರತಿ ಸಲವೂ ಬೆಳಗಿನ ಹೊತ್ತು, ಪಶ್ಚಿಮದ ಗೋಡೆಗೆ ಬಿಸಿಲು ತಾಗುವ ಮೊದಲೇ ತೆಗೆಯುತ್ತಿದ್ದುದು ಇದಕ್ಕಾಗಿಯೇ. ಒಡೆದ ಗಾಜನ್ನು ಕೀಳದೆ ಹಾಗೇ ಬಿಟ್ಟೆವು.

ಮೇ ಕೊನೆಗೆ ಸ್ಕ್ರೂಗಳ ಅಂತರ 99.10. ಅಂದರೆ ಫೆಬ್ರವರಿಗಿಂತ 0.64 ಮಿ.ಮೀ. ಹೆಚ್ಚು. ಒಳಗಿನ ಮೇಲಿನ ಜಿಪ್ಸಮ್ ಕೂಡ ನಡುವಿನಲ್ಲೇ ಸೀಳಿತ್ತು. ಕೆಳಗಿನ ಜಿಪ್ಸಮ್ ನೋಡಲು ಇಡಿಯಾಗಿತ್ತು, ಆದರೆ ಬೆರಳಗಂಟಿನಿಂದ ತಟ್ಟಿದಾಗ ಒಂದು ತುದಿ ಟೊಳ್ಳು ಸದ್ದು ಮಾಡಿತು. ಗೋಡೆಯಿಂದ ಬಿಟ್ಟುಕೊಂಡ ಪಟ್ಟಿ ಎಷ್ಟು ವರ್ಷವಾದರೂ ಒಡೆಯುವುದಿಲ್ಲ. ಒಡೆಯದ ಪಟ್ಟಿಯನ್ನು ತಟ್ಟಿ ನೋಡದೆ "ಗೋಡೆ ನಿಂತಿದೆ" ಎಂದು ಬರೆಯುವುದು ದೊಡ್ಡ ತಪ್ಪು.

ಸೆಪ್ಟೆಂಬರ್ ಹೊತ್ತಿಗೆ ಒಳ್ಳೆಯ ಮಳೆಯಾಗಿತ್ತು. ಅಂತರ 98.32ಕ್ಕೆ ಇಳಿದಿತ್ತು, ಮೊದಲ ಅಳತೆಗಿಂತಲೂ ಕಡಿಮೆ. ಮೇಲಿನ ಗಾಜಿನ ಎರಡು ತುಂಡುಗಳು ಒಂದಕ್ಕೊಂದು ಒತ್ತಿಕೊಂಡು ಅಂಚಿನಲ್ಲಿ ಚಕ್ಕೆ ಎದ್ದಿತ್ತು. ಬರೀ ಗಾಜನ್ನೇ ನಂಬಿದ್ದರೆ ಸಿಗುತ್ತಿದ್ದ ಸುಳಿವು ಅಷ್ಟೇ. ಮರುವರ್ಷ ಫೆಬ್ರವರಿಯಲ್ಲಿ 98.52. ವರ್ಷದ ನಿವ್ವಳ ಚಲನೆ 0.06 ಮಿ.ಮೀ., ಕೈಯಲ್ಲಿ ಅಳೆಯುವಾಗ ಬರುವ ವ್ಯತ್ಯಾಸವೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ವರ್ಷದೊಳಗಿನ ಈ ಏರಿಳಿತ ಬಿಸಿಲಿಗೆ ಹಿಗ್ಗುವ ಲೆಕ್ಕಕ್ಕೂ ಕೂಡುವುದಿಲ್ಲ. ಬರೀ ಬಿಸಿಲಿನ ಆಟವಾಗಿದ್ದರೆ ಬೇಸಿಗೆಯಲ್ಲಿ ಇಟ್ಟಿಗೆ ಹಿಗ್ಗಿ ಬಿರುಕು ಮುಚ್ಚಿಕೊಳ್ಳಬೇಕಿತ್ತು. ಇಲ್ಲಿ ಬೇಸಿಗೆಗೇ ಬಾಯಿ ತೆರೆಯಿತು. ಬೇವಿನ ಬೇರು ನೀರೆಳೆದಾಗ ಎರೆಮಣ್ಣು ಕುಗ್ಗಿ ಮೂಲೆ ಇಳಿಯುತ್ತದೆ, ಮಳೆಗೆ ಮಣ್ಣು ಉಬ್ಬಿ ಮೂಲೆ ಏಳುತ್ತದೆ.

ಮೇ ಕೊನೆಗೇ ನಿಲ್ಲಿಸಿದ್ದರೆ ಫೆಬ್ರವರಿಯಿಂದ ಮೇವರೆಗಿನ ಏರಿಕೆ ಕಂಡು ಪಾಯಕ್ಕೆ ಕಾಂಕ್ರೀಟ್ ಆಸರೆ ಕೊಡಿಸುವ ಖರ್ಚಿನ ಸಲಹೆ ಹೊರಡುತ್ತಿತ್ತು. ಎರೆಭೂಮಿಯಲ್ಲಿ ಒಂದು ಪೂರ್ತಿ ವರ್ಷಕ್ಕೆ ಕಡಿಮೆ ಕಾದರೆ ಏನನ್ನೂ ಹೇಳಲಾಗದು. ಬೇವನ್ನು ಒಮ್ಮೆಲೇ ಕಡಿಯಲೂ ಬಾರದು, ಒಣಗಿದ್ದ ಮಣ್ಣು ನೀರು ಕುಡಿದು ಉಬ್ಬಿ ಆ ಮೂಲೆಯನ್ನು ಮೇಲಕ್ಕೆ ನೂಕಬಹುದು. ಕೊಂಬೆಗಳನ್ನು ವರ್ಷಕ್ಕಿಷ್ಟು ಸವರುವುದು, ಗೋಡೆಯ ಸುತ್ತ ಹೊರಕ್ಕೆ ಇಳಿಜಾರಾದ ಕಾಂಕ್ರೀಟ್ ಪಟ್ಟಿ ಹಾಕಿ ಮಳೆನೀರನ್ನು ದೂರ ಸಾಗಿಸುವುದು, ಬಿರುಕಿಗೆ ಸಿಮೆಂಟಿನ ಬದಲು ಎಳೆತ ತಾಳುವ ಸೀಲಂಟ್ ತುಂಬುವುದು ಎಂದು ತೀರ್ಮಾನವಾಯಿತು. ಸ್ಕ್ರೂಗಳನ್ನು ತೆಗೆಯಲಿಲ್ಲ. ಅವುಗಳಿಗೆ ಬಣ್ಣ ಬಳಿಯಬೇಡಿ ಎಂದು ಗೌಂಡಿಗೆ ಹೇಳಿದ್ದೇವೆ, ಬಣ್ಣದ ಪದರವೂ ಅಳತೆಯನ್ನು ಕೆಡಿಸುತ್ತದೆ.