ಅಕ್ಕೋರ ಸ್ಕೇಲು

ಮಂಗಳವಾರ ಮಧ್ಯಾಹ್ನ ಕಂಡ ಒಂದು ದೃಶ್ಯ ಇನ್ನೂ ಕಣ್ಣಿನಿಂದ ಮರೆಯಾಗಿಲ್ಲ. ಕೊಪ್ಪಳದ ನನ್ನ ದವಾಖಾನೆಯ ಹೊರಗಿನ ಬೆಂಚಿನ ಮೇಲೆ ಕುಳಿತ ನಿವೃತ್ತ ಗಣಿತ ಶಿಕ್ಷಕಿಯೊಬ್ಬರು ಎರಡು ಎಕ್ಸ್-ರೇ ಹಾಳೆಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು, ಕೈಚೀಲದಿಂದ ತೆಗೆದ ಪಾರದರ್ಶಕ ಸ್ಕೇಲನ್ನು ಮೊಣಕಾಲಿನ ಸಂದಿನ ಮೇಲಿಟ್ಟು ಅಳೆಯುತ್ತಿದ್ದರು. ನಾನು ಒಳಗೆ ಬೇರೆ ರೋಗಿಯನ್ನು ನೋಡುತ್ತಿದ್ದೆ. ಅವರ ಸರದಿ ಬರುವುದಕ್ಕೆ ಅರ್ಧ ಗಂಟೆಯಾಯಿತು. ಒಳಗೆ ಬಂದು ಕುರ್ಚಿಯ ಕೈ ಹಿಡಿದು ಕೂತವರು ನಮಸ್ಕಾರ ಮುಗಿಯುತ್ತಿದ್ದಂತೆಯೇ ಹೇಳಿದ ಮಾತು ಇದು: “ಡಾಕ್ಟ್ರೆ, ಎರಡು ತಿಂಗಳಾಗ ಅರ್ಧ ಹೋಗೇತ್ರಿ. ಉಳಿದ ಅರ್ಧ ಇನ್ನೆರಡು ತಿಂಗಳಿಗೆ ಮುಗೀತದ, ಹೌದಲ್ರಿ?”

ಅವರ ಲೆಕ್ಕ ಸರಿಯಾಗಿತ್ತು. ಜನವರಿಯ ಹಾಳೆಯಲ್ಲಿ ಬಲ ಮೊಣಕಾಲಿನ ಒಳಬದಿಯ ಸಂದು 3 ಮಿಲಿಮೀಟರ್ ಇತ್ತು, ಮಂಗಳವಾರ ನಮ್ಮಲ್ಲಿ ತೆಗೆಸಿದ ಹಾಳೆಯಲ್ಲಿ ಒಂದೂವರೆ. ಮೂವತ್ತು ವರ್ಷ ಮಕ್ಕಳಿಗೆ ತ್ರೈರಾಶಿ ಕಲಿಸಿದವರು ಆ ಎರಡು ಸಂಖ್ಯೆಗಳನ್ನು ಕೈಯಲ್ಲಿ ಹಿಡಿದು ಅರ್ಧ ಗಂಟೆ ಒಬ್ಬರೇ ಕೂತಿದ್ದರು. ತಪ್ಪು ಅವರ ಲೆಕ್ಕದಲ್ಲಿರಲಿಲ್ಲ. ಆ ಎರಡು ಸಂಖ್ಯೆಗಳನ್ನು ಒಂದರ ಪಕ್ಕ ಇನ್ನೊಂದು ಇಡುವಂತೆಯೇ ಇರಲಿಲ್ಲ, ಅದನ್ನು ಅವರಿಗೆ ಮೊದಲೇ ಹೇಳಬೇಕಾದವರು ಯಾರೂ ಹೇಳಿರಲಿಲ್ಲ. ಅವರಲ್ಲಿ ನಾನೂ ಒಬ್ಬ.

ಜನವರಿಯಲ್ಲಿ ನಡೆದದ್ದು ಇಷ್ಟು. ಗವಿಮಠದ ಜಾತ್ರೆಯ ದಾಸೋಹಕ್ಕೆ ಊರಿನ ಹೆಣ್ಣುಮಕ್ಕಳೆಲ್ಲ ಸೇರಿ ಜೋಳದ ರೊಟ್ಟಿ ಬಡಿಯುವಾಗ ಇವರೂ ಎರಡು ದಿನ ನೆಲದ ಮೇಲೆ ಕಾಲು ಮಡಿಸಿ ಕೂತಿದ್ದರು. ಮೂರನೆಯ ದಿನ ಮೊಣಕಾಲು ಮಡಚಲಾಗದಷ್ಟು ನೋವು. ಬೇರೊಂದು ಕಡೆ ಎಕ್ಸ್-ರೇ ತೆಗೆಸಿದಾಗ, ಅಲ್ಲಿಯವರು “ಎಲುಬು ಬೆಳದೈತಿ, ಒಳಗ ಸವೀತೈತಿ, ಓಡಾಟ ಕಡಿಮಿ ಮಾಡ್ರಿ” ಎಂದಷ್ಟೇ ಹೇಳಿ ಮಾತ್ರೆ ಬರೆದು ಕಳಿಸಿದರು. ನಮ್ಮ ಅಕ್ಕೋರು, ಅಂದರೆ ಈ ಶಿಕ್ಷಕಿ, ವೈದ್ಯರು ಹೇಳಿದ್ದನ್ನು ಪಾಲಿಸುವ ಸ್ವಭಾವದವರು. ಬೆಳಗಿನ ನಡಿಗೆ ನಿಂತಿತು, ಸಂತೆಗೆ ಹೋಗುವುದು ನಿಂತಿತು, ದಿನಕ್ಕೆರಡು ನೋವಿನ ಮಾತ್ರೆ ಮಾತ್ರ ನಿಲ್ಲಲಿಲ್ಲ. ತೂಕ 71 ಕಿಲೋ ಇದ್ದದ್ದು 74 ಆಗಿತ್ತು.

ನಾನು ಎರಡೂ ಹಾಳೆಗಳನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಮೊದಲು ಆ ಸಂದು ಎಂದರೇನು ಎಂಬುದರಿಂದ ಶುರು ಮಾಡಿದೆ. ಎಕ್ಸ್-ರೇಯಲ್ಲಿ ತೊಡೆಯ ಎಲುಬು ಮೇಲೆ, ಕಾಲಿನ ಎಲುಬು ಕೆಳಗೆ ಬೆಳ್ಳಗೆ ಕಾಣುತ್ತವೆ, ನಡುವೆ ಕಪ್ಪು ಗೆರೆಯಂಥ ಜಾಗ ಕಾಣುತ್ತದೆ. ನೋಡಿದವರೆಲ್ಲ ಅದನ್ನು ಖಾಲಿ ಜಾಗ ಎಂದುಕೊಳ್ಳುತ್ತಾರೆ. ಖಾಲಿ ಅಲ್ಲ. ಎರಡೂ ಎಲುಬುಗಳ ತುದಿಗೆ ಹೊದಿಸಿದ ನುಣುಪಾದ ಕಾರ್ಟಿಲೇಜ್, ಅಂದರೆ ಮೃದ್ವಸ್ಥಿಯ ಪದರವೂ ಅವುಗಳ ನಡುವಿನ ಗಾದಿಯಂಥ ಮೆನಿಸ್ಕಸ್ಸೂ ಅಲ್ಲಿ ಕೂತಿವೆ. ಎಕ್ಸ್-ರೇ ಕಿರಣ ಅವುಗಳನ್ನು ಸುಲಭವಾಗಿ ಹಾದುಹೋಗುವುದರಿಂದ ಅವು ಕಾಣುವುದಿಲ್ಲ. ನಾವು ಸಂದನ್ನು ನೋಡಿ ಅದರೊಳಗೆ ಎಷ್ಟು ಪದರ ಉಳಿದಿರಬಹುದು ಎಂದು ಊಹಿಸುತ್ತೇವೆ. ಅಂದರೆ ನಾವು ಅಳೆಯುವುದು ವಸ್ತುವನ್ನಲ್ಲ, ಎರಡು ಎಲುಬುಗಳ ನಡುವಿನ ದೂರವನ್ನು. ಆ ದೂರ ಇನ್ನೂ ಬೇರೆ ಕಾರಣಗಳಿಂದ ಬದಲಾಗಬಲ್ಲದು ಎಂಬುದೇ ಅವತ್ತಿನ ಇಡೀ ಮಾತಿನ ಗಂಟು.

“ಅಕ್ಕೋರೆ, ನಿಮ್ಮ ಸ್ಕೇಲು ಕೊಡ್ರಿ” ಎಂದು ಕೇಳಿ ತೆಗೆದುಕೊಂಡು, ತೊಡೆಯ ಎಲುಬಿನ ಕೆಳತುದಿಯ ಅಗಲವನ್ನು ಎರಡೂ ಹಾಳೆಗಳಲ್ಲಿ ಅಳೆಯಲು ಅವರಿಗೇ ಹೇಳಿದೆ. ಹೊಸದರಲ್ಲಿ 76 ಮಿಲಿಮೀಟರ್ ಬಂತು, ಜನವರಿಯದರಲ್ಲಿ 57. ಅವರು ಸ್ಕೇಲನ್ನು ಇಟ್ಟಲ್ಲೇ ಹಿಡಿದು ನನ್ನ ಮುಖ ನೋಡಿದರು. “ಮುಕ್ಕಾಲು ಆತಲ್ರಿ.” ಎಲುಬು ಎರಡು ತಿಂಗಳಲ್ಲಿ ಮೂರನೇ ಒಂದು ಭಾಗದಷ್ಟು ಬೆಳೆಯುವುದಿಲ್ಲ. ಜನವರಿಯಲ್ಲಿ ಎರಡೂ ಮೊಣಕಾಲುಗಳ ಮುಂದಿನ ಮತ್ತು ಪಕ್ಕದ ಚಿತ್ರಗಳನ್ನು, ಒಟ್ಟು ನಾಲ್ಕನ್ನು, ಒಂದೇ ಹಾಳೆಯಲ್ಲಿ ಕುಗ್ಗಿಸಿ ಮುದ್ರಿಸಿದ್ದರು. ಈಗಿನ ಡಿಜಿಟಲ್ ಹಾಳೆಗಳಲ್ಲಿ ಇದು ಸಾಮಾನ್ಯ, ಆದ್ದರಿಂದ ಹಾಳೆಯ ಮೇಲೆ ಸ್ಕೇಲಿಟ್ಟು ಅಳೆದ ಮಿಲಿಮೀಟರುಗಳನ್ನು ನಂಬಲಾಗದು. ಆದರೆ ಅಕ್ಕೋರು ನನಗಿಂತ ಮುಂದೆ ಹೋಗಿದ್ದರು. “ಹಂಗಾದ್ರ ಜನವರಿದು 3 ಅಲ್ಲ, 4 ಆಗ್ತದ. ನಾಲ್ಕರಿಂದ ಒಂದೂವರೆಗೆ ಇಳದೈತಿ. ಲೆಕ್ಕ ಇನ್ನೂ ಕೆಟ್ಟಿತಲ್ರಿ?” ಅವರ ಪ್ರಾಮಾಣಿಕತೆಗೆ ನನಗೆ ಗೌರವ ಬಂತು. ತಮ್ಮ ಭಯಕ್ಕೆ ವಿರುದ್ಧವಾಗಿ ಬಂದ ಸುಳುಹನ್ನು ಹಿಡಿದುಕೊಳ್ಳದೆ, ಲೆಕ್ಕ ಎಲ್ಲಿಗೆ ಕರೆದರೂ ಅಲ್ಲಿಗೆ ಹೋಗುವವರು ಕಡಿಮೆ.

ಆಮೇಲೆ ಹೊರಬದಿಯ ಸಂದನ್ನು ಅಳೆಯಲು ಹೇಳಿದೆ. ಜನವರಿಯಲ್ಲಿ 4, ಅಂದರೆ ನಿಜ ಅಳತೆಯಲ್ಲಿ ಐದು ಚಿಲ್ಲರೆ. ಹೊಸದರಲ್ಲಿ 6. ಒಳಗಿನದು ಕಿರಿದಾಗಿತ್ತು, ಹೊರಗಿನದು ದೊಡ್ಡದಾಗಿತ್ತು. ಈ ವಯಸ್ಸಿನಲ್ಲಿ ಮೃದ್ವಸ್ಥಿ ಎರಡು ತಿಂಗಳಲ್ಲಿ ದಪ್ಪವಾಗುವುದಿಲ್ಲ ಎಂದ ಮೇಲೆ ಹೊರಸಂದು ಹಿಗ್ಗಿದ್ದು ಹೇಗೆ? ಒಂದು ಕಡೆ ಕುಗ್ಗಿ ಇನ್ನೊಂದು ಕಡೆ ತೆರೆದರೆ ಅದು ಓರೆಯಾದ ಗುರುತು. ಜನವರಿಯ ಚಿತ್ರವನ್ನು ಅವರನ್ನು ಮೇಜಿನ ಮೇಲೆ ಮಲಗಿಸಿ ತೆಗೆದಿದ್ದರು, ಮಂಗಳವಾರದ್ದನ್ನು ನಿಲ್ಲಿಸಿ. ಮಲಗಿದಾಗ ಮೊಣಕಾಲಿನ ಮೇಲೆ ಮೈಭಾರವಿಲ್ಲ, ಆದ್ದರಿಂದ ಪದರ ತೆಳುವಾಗಿದ್ದರೂ ಎಲುಬುಗಳು ದೂರದಲ್ಲೇ ತೇಲುತ್ತವೆ. ನಿಂತಾಗ ಭಾರದ ಹೆಚ್ಚಿನ ಪಾಲು ಒಳಬದಿಯ ಮೂಲಕವೇ ಇಳಿಯುತ್ತದೆ. ಅಲ್ಲಿ ಪದರ ಸವೆದಿದ್ದರೆ ಮೇಲಿನ ಎಲುಬು ಅತ್ತ ವಾಲಿ ಕೂರುತ್ತದೆ, ಹೊರಬದಿ ತುಸು ಬಾಯಿ ಬಿಡುತ್ತದೆ. ಎರಡು ಹಾಳೆಗಳ ನಡುವಿನ ವ್ಯತ್ಯಾಸದಲ್ಲಿ ಬಹುಪಾಲು ಎರಡು ತಿಂಗಳದ್ದಲ್ಲ, ಮಲಗಿದ್ದರ ಮತ್ತು ನಿಂತಿದ್ದರ ನಡುವಿನದು. ಮೊಣಕಾಲಿನ ಸವಕಳಿ ನೋಡಬೇಕಾದರೆ ನಿಂತೇ ಚಿತ್ರ ತೆಗೆಯಬೇಕು ಎನ್ನುವುದು ಇದಕ್ಕೇ.

ಅವರಿಗೆ ಇನ್ನೊಂದು ಸಾಕ್ಷಿಯೂ ಬೇಕಿತ್ತು. ಅದು ಅವರು ಹೆದರಿದ್ದ ‘ಎಲುಬು ಬೆಳೆದದ್ದು’ ಆಗಿತ್ತು. ಸಂದಿನ ಅಂಚಿನಲ್ಲಿ ಗಿಳಿಯ ಕೊಕ್ಕಿನಂತೆ ಹೊರಚಾಚಿದ ಆ ಚೂಪನ್ನು ನಾವು ಆಸ್ಟಿಯೋಫೈಟ್ ಎನ್ನುತ್ತೇವೆ. ಅದು ಬೆಳೆಯಲು ವರ್ಷಗಳು ಬೇಕು, ಮಲಗಿದರೂ ನಿಂತರೂ ಅದರ ಗಾತ್ರ ಬದಲಾಗದು. ಅದು ಜನವರಿಯ ಹಾಳೆಯಲ್ಲೂ ಅಷ್ಟೇ ಇತ್ತು. ಒಳಸಂದಿನ ಕೆಳಗೆ ಎಲುಬು ಭಾರ ಹೊತ್ತು ಗಟ್ಟಿಯಾಗಿ ಹೆಚ್ಚು ಬೆಳ್ಳಗಾದ ಪಟ್ಟಿಯೂ ಅಲ್ಲಿ ಆಗಲೇ ಇತ್ತು. ಅಂದರೆ ಸವಕಳಿ ಎಷ್ಟೋ ವರ್ಷಗಳಿಂದ ನಡೆದು ಬಂದದ್ದು, ಜನವರಿಯ ಚಿತ್ರ ಅದನ್ನು ಅರ್ಧ ಮುಚ್ಚಿಟ್ಟಿತ್ತು ಅಷ್ಟೆ. ಈ ರೋಗದಲ್ಲಿ ಸಂದು ಕಿರಿದಾಗುವ ವೇಗ ಸರಾಸರಿ ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ. ನಿಜವಾಗಿಯೇ ಎರಡು ತಿಂಗಳಲ್ಲಿ ಅರ್ಧ ಹೋಗಿದ್ದರೆ ನಾನು ಸೋಂಕನ್ನೋ ಇನ್ನಾವುದೋ ಉರಿಯೂತವನ್ನೋ ಹುಡುಕುತ್ತಿದ್ದೆ: ಮೊಣಕಾಲು ಬಿಸಿಯಾಗಿ ಊದಿರುತ್ತಿತ್ತು, ಜ್ವರವಿರಬಹುದಿತ್ತು. ಮುಟ್ಟಿ ನೋಡಿದರೆ ಎರಡೂ ಮೊಣಕಾಲುಗಳ ಬಿಸಿ ಒಂದೇ ಆಗಿತ್ತು.

“ಆ ಕೊಕ್ಕು ಒಳಗ ಚುಚ್ಚಂಗಿಲ್ಲೇನ್ರಿ?” ಎಂದರು. ಅದು ಸಂದಿನ ಒಳಗಲ್ಲ, ಅಂಚಿನಲ್ಲಿರುತ್ತದೆ. ಕಾರ್ಟಿಲೇಜ್ ಹೊದ್ದುಕೊಂಡಿರುತ್ತದೆ. ಒಳಗೆ ಸಡಿಲವಾದ ಕೀಲಿಗೆ ದೇಹ ಅಂಚನ್ನು ಅಗಲ ಮಾಡಿಕೊಂಡ ಹಾಗೆ ಅದು. ಅದನ್ನಷ್ಟೇ ಕತ್ತರಿಸಿ ತೆಗೆದರೆ ನೋವು ಹೋಗುವುದಿಲ್ಲ. ಹಾಗೆಯೇ ಸವೆದ ಕಾರ್ಟಿಲೇಜಿನಲ್ಲಿ ನರಗಳೇ ಇಲ್ಲ, ಅದು ನೋಯುವುದಿಲ್ಲ. ನೋಯುವುದು ಅದರ ಕೆಳಗಿನ ಎಲುಬು, ಕೀಲಿನ ಒಳಪೊರೆ, ಸುತ್ತಲಿನ ಸ್ನಾಯು. ಅದಕ್ಕೇ ಹಾಳೆ ನೋಡಿ ನೋವಿನ ಪ್ರಮಾಣ ಹೇಳಲಾಗುವುದಿಲ್ಲ. ಇದಕ್ಕಿಂತ ಕೆಟ್ಟ ಹಾಳೆಯ ರೈತರು ಹೊಲಕ್ಕೆ ನಡೆದು ಹೋಗುವುದನ್ನೂ ಇದಕ್ಕಿಂತ ಒಳ್ಳೆಯ ಹಾಳೆಯವರು ಮೆಟ್ಟಿಲು ಹತ್ತಲಾಗದೆ ಅಳುವುದನ್ನೂ ನಾನು ನೋಡಿದ್ದೇನೆ. 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಮಾಡಿದ, ಸೊನ್ನೆಯಿಂದ ನಾಲ್ಕರವರೆಗಿನ ಶ್ರೇಣಿಯಲ್ಲಿ ಇವರದು ಮೂರು. ಆ ಮೂರು ಚಿತ್ರಕ್ಕೆ ಕೊಟ್ಟ ಅಂಕ, ನೋವಿಗಲ್ಲ. ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯನ್ನೂ ಆ ಅಂಕ ನೋಡಿ ಮಾಡುವುದಿಲ್ಲ. ಬೇರೆಲ್ಲ ಮಾಡಿ ನೋಡಿದ ಮೇಲೂ ನಿದ್ದೆ, ನಡಿಗೆ ಕೆಟ್ಟರೆ ಆಗ ಅದರ ಮಾತು.

ಹಾಗಿದ್ದರೆ ಈ ಎರಡು ತಿಂಗಳಲ್ಲಿ ನೋವು ಹೆಚ್ಚಾದದ್ದು ಏಕೆ? ಕೈಗಳನ್ನು ಎದೆಗೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರಬಲ್ಲಿರಿ ನೋಡೋಣ ಎಂದೆ. ಅವರಿಗೆ 67 ವರ್ಷ. ಆ ವಯಸ್ಸಿನ ಹೆಂಗಸರು ಹನ್ನೊಂದಕ್ಕಿಂತ ಕಡಿಮೆ ಎದ್ದರೆ ಕಾಲಿನ ಬಲ ಕಡಿಮೆ ಎಂದು ಲೆಕ್ಕ. ಇವರು ಆರು ಸಲ ಎದ್ದರು, ಆರನೆಯದಕ್ಕೆ ತೊಡೆ ನಡುಗುತ್ತಿತ್ತು. ಮೊಣಕಾಲಿಗೆ ಬರುವ ಹೊಡೆತವನ್ನು ತಡೆಯುವುದು ತೊಡೆಯ ಮುಂಭಾಗದ ಸ್ನಾಯು. ಎರಡು ತಿಂಗಳ ವಿಶ್ರಾಂತಿ ಅದನ್ನೇ ಕರಗಿಸಿತ್ತು. ಮೇಲೆ ಸೇರಿದ 3 ಕಿಲೋ ತೂಕ ಪ್ರತಿ ಹೆಜ್ಜೆಗೆ ಮೊಣಕಾಲಿನಲ್ಲಿ ಸುಮಾರು ನಾಲ್ಕು ಪಟ್ಟಾಗಿ, ಅಂದರೆ 12 ಕಿಲೋದಷ್ಟಾಗಿ ಬೀಳುತ್ತದೆ. ಅವರನ್ನು ಕೆಡಿಸಿದ್ದು ಸಂದಲ್ಲ, ಸಂದಿನ ಬಗ್ಗೆ ಹೇಳಿದ ಅರ್ಧ ವಾಕ್ಯ. ಆ ಅರ್ಧ ವಾಕ್ಯವನ್ನು ವೈದ್ಯಕೀಯದ ಮೊದಲ ವರ್ಷಗಳಲ್ಲಿ ನಾನೂ ಎಷ್ಟು ಜನಕ್ಕೆ ಹೇಳಿದ್ದೇನೋ, “ಸವೆದಿದೆ” ಎಂದು ಹೇಳಿ ಮುಂದಿನವರನ್ನು ಕರೆದಿದ್ದೇನೋ ಎಂದು ನೆನೆದರೆ ಮನಸ್ಸು ಭಾರವಾಗುತ್ತದೆ. ಅವರೆಲ್ಲ ಮನೆಗೆ ಹೋಗಿ ಏನೇನು ನಿಲ್ಲಿಸಿದರೋ.

ಮಾತ್ರೆಗಳನ್ನು ನಿಲ್ಲಿಸಿದೆ, ಬಿಪಿ ಇರುವವರಿಗೆ ಅವು ಮೂತ್ರಪಿಂಡಕ್ಕೂ ಕೆಟ್ಟವು. ಹಚ್ಚಿಕೊಳ್ಳಲು ಮುಲಾಮು ಬರೆದೆ. ಮಡಿಸಿದ ಟವೆಲನ್ನು ಮೊಣಕಾಲಿನ ಕೆಳಗಿಟ್ಟು ಒತ್ತಿ ಐದು ಎಣಿಸುವವರೆಗೆ ಹಿಡಿಯುವುದು, ಕುರ್ಚಿಯಿಂದ ಎದ್ದು ಕೂರುವುದು, ಬಿಸಿಲೇರುವ ಮೊದಲು ಹತ್ತು ನಿಮಿಷದ ನಡಿಗೆಯಿಂದ ಶುರು ಮಾಡಿ ವಾರವಾರವೂ ಹೆಚ್ಚಿಸುವುದು. ವ್ಯಾಯಾಮದ ಮರುದಿನ ನೋವು ಮೊದಲಿಗಿಂತ ಹೆಚ್ಚೇ ಉಳಿದರೆ ಅಷ್ಟು ಕಡಿಮೆ ಮಾಡುವುದು, ಬಿಡುವುದಲ್ಲ. ರೊಟ್ಟಿಯನ್ನು ಇನ್ನು ಮುಂದೆ ನಿಂತುಕೊಂಡು ಕಟ್ಟೆಯ ಮೇಲೆ ಬಡಿಯುವುದು.

ಹೊರಡುವ ಮೊದಲು, ಮುಂದಿನ ಎಕ್ಸ್-ರೇ ಯಾವಾಗ ಎಂದು ಕೇಳಿದರು. ಸದ್ಯಕ್ಕೆ ಬೇಡ, ವರ್ಷಕ್ಕೆ ಕೂದಲೆಳೆಯಷ್ಟು ಬದಲಾಗುವುದನ್ನು ತಿಂಗಳಿಗೊಮ್ಮೆ ಅಳೆದರೆ ಸಿಗುವುದು ಅಳತೆಯ ತಪ್ಪೇ ಹೊರತು ರೋಗವಲ್ಲ ಎಂದೆ. ಅಳೆಯಲೇಬೇಕೆಂದರೆ 30 ಸೆಕೆಂಡಿನ ಲೆಕ್ಕವನ್ನು ಪ್ರತಿ ಸೋಮವಾರ ಬರೆದಿಡಿ, ಇವತ್ತಿನದು ಆರು ಎಂದೆ. ಅವರು ಪೆನ್ನು ಕೇಳಿ ಪಡೆದು, ಹಾಳೆಗಳ ಲಕೋಟೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಕಪ್ಪು ಹಲಗೆಯ ಮೇಲೆ ಬರೆಯುವವರ ದುಂಡನೆಯ ಅಕ್ಷರದಲ್ಲಿ ಒಂದರ ಮೇಲೆ “ಮಲಗಿ, ಮುಕ್ಕಾಲು ಅಳತೆ” ಎಂದೂ ಇನ್ನೊಂದರ ಮೇಲೆ “ನಿಂತು, ಪೂರ್ತಿ ಅಳತೆ” ಎಂದೂ ಬರೆದು, ಕೆಳಗೆ ಒಂದೊಂದು ಗೆರೆ ಎಳೆದರು. ಗೆರೆಗೂ ಸ್ಕೇಲನ್ನೇ ಇಟ್ಟರು. ಸಂಜೆ ನಮ್ಮ ಎಕ್ಸ್-ರೇ ಹುಡುಗನನ್ನು ಕರೆದು, ಇನ್ನು ಮೇಲೆ ಪ್ರತಿ ಮೊಣಕಾಲಿನ ಹಾಳೆಯ ಮೂಲೆಯಲ್ಲಿ ನಿಂತು ತೆಗೆದದ್ದೋ ಮಲಗಿ ತೆಗೆದದ್ದೋ ಎಂದು ಬರೆಯಬೇಕು, ನಾನು ಮಾತಾಡುವ ಮೊದಲು ಹಾಳೆಯನ್ನು ರೋಗಿಯ ಕೈಗೆ ಕೊಟ್ಟು ಬೆಂಚಿನ ಮೇಲೆ ಕೂರಿಸಬಾರದು ಎಂದು ಹೇಳಿದೆ.